ಕಾಗದದ ಮೇಲೆ 0.414, ಮೀಟರ್ ಮೇಲೆ 0.616

ಮಂಗಳೂರಿನಂಥ ಕಡಲತೀರದ ಊರಿನಲ್ಲಿ ನೀರು ಸರಿಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿ ಬರುತ್ತದೆ. ಇಂಥ ಸಣ್ಣ ವ್ಯತ್ಯಾಸವನ್ನು ಅಳೆಯಬಲ್ಲ ಉಪಕರಣವೊಂದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮಂಗಳೂರಿನಲ್ಲಿ ಕೈಯಾರೆ ಕಟ್ಟಲು ಹೊರಟಿದ್ದಾನೆ ಎಂದುಕೊಳ್ಳೋಣ. ಅವನ ಬಳಿ ಕೆ ಮಾದರಿಯ ಥರ್ಮೋಕಪಲ್ ಇದೆ. ಎರಡು ಬೇರೆ ಬೇರೆ ಮಿಶ್ರಲೋಹಗಳ ತಂತಿಗಳ ತುದಿಗಳನ್ನು ಬೆಸೆದರೆ ಥರ್ಮೋಕಪಲ್ ಆಯಿತು. ಒಂದು ಬೆಸುಗೆ ಬಿಸಿಯಲ್ಲೂ ಇನ್ನೊಂದು ತಂಪಿನಲ್ಲೂ ಇದ್ದರೆ ತಂತಿಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಅದು ಬಹಳ ಕಡಿಮೆ. ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ 41 ಪಾಲು. ಒಂದು ಬೆಸುಗೆಯನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ, ಇನ್ನೊಂದನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಸಿಗುವುದು 4.096 ಮಿಲಿವೋಲ್ಟ್.

ಇದನ್ನು ಹಿಗ್ಗಿಸಲು ಅವನು ಆರಿಸಿಕೊಳ್ಳುವುದು ಎಲ್ಲ ಕಾಲೇಜಿನ ಲ್ಯಾಬ್‌ಗಳಲ್ಲೂ ಸಿಗುವ 741 ಎಂಬ ಆಪ್-ಆಂಪ್ ಚಿಪ್ಪನ್ನು. ಜೊತೆಗೆ ಎರಡು ರೆಸಿಸ್ಟರ್: 100 ಕಿಲೋಓಮ್ ಮತ್ತು 1 ಕಿಲೋಓಮ್. ತರಗತಿಯಲ್ಲಿ ಕಲಿತ ಲೆಕ್ಕ ಒಂದೇ ಸಾಲಿನದು.

```
G = 1 + 100k/1k = 101
Vout = 101 × 4.096 mV = 0.414 V
```

ಬ್ರೆಡ್‌ಬೋರ್ಡಿನ ಮೇಲೆ ಸರ್ಕ್ಯೂಟ್ ಕಟ್ಟಿ ಮಲ್ಟಿಮೀಟರ್ ಇಟ್ಟರೆ 0.616 ವೋಲ್ಟ್ ಕಾಣುತ್ತದೆ. ಅದನ್ನು ಮತ್ತೆ ತಾಪಮಾನಕ್ಕೆ ತಿರುಗಿಸಿದರೆ ನೀರು 149 ಡಿಗ್ರಿಯಲ್ಲಿ ಕುದಿಯುತ್ತಿದೆ ಎಂದಾಯಿತು. ಚಿಪ್ಪನ್ನು ಕಿತ್ತು ಅದೇ ಡಬ್ಬಿಯ ಇನ್ನೊಂದು 741 ಹಾಕಿದರೆ ಉತ್ತರ 52 ಡಿಗ್ರಿಯೂ ಆಗಬಹುದು. ರೆಸಿಸ್ಟರ್ ಸರಿಯಿದೆ, ತಂತಿ ಸರಿಯಿದೆ, ಗುಣಾಕಾರವೂ ಸರಿಯಿದೆ. ತರಗತಿಯಲ್ಲಿ ಕಲಿತ ಆದರ್ಶ ಆಪ್-ಆಂಪ್ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಆ ಒಂದು ಸಾಲಿನ ಲೆಕ್ಕ ನಿಂತಿರುವುದು ಚಿಪ್ಪಿನ ಎರಡು ಇನ್‌ಪುಟ್‌ಗಳ ವೋಲ್ಟೇಜ್ ಸದಾ ಸಮ ಎಂಬ ನಂಬಿಕೆಯ ಮೇಲೆ. ಆಪ್-ಆಂಪ್ ಮಾಡುವ ಕೆಲಸ ಸರಳ: ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಭಾರಿ ಪ್ರಮಾಣದಲ್ಲಿ ಹಿಗ್ಗಿಸಿ ಔಟ್‌ಪುಟ್‌ಗೆ ಕೊಡುತ್ತದೆ. ಔಟ್‌ಪುಟ್‌ನ ಒಂದು ಪಾಲನ್ನು ರೆಸಿಸ್ಟರ್‌ಗಳ ಮೂಲಕ ನೆಗೆಟಿವ್ ಇನ್‌ಪುಟ್‌ಗೆ ಹಿಂತಿರುಗಿಸುತ್ತೇವೆ. ಇದೇ ಫೀಡ್‌ಬ್ಯಾಕ್. ಎರಡೂ ಇನ್‌ಪುಟ್ ಸಮವಾಗುವವರೆಗೆ ಔಟ್‌ಪುಟ್ ಏರುತ್ತದೆ ಅಥವಾ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಚಿಪ್ಪಿನ ಸ್ವಂತ ಗೇನ್ ಅನಂತವಾಗಿದ್ದು, ಎರಡು ಇನ್‌ಪುಟ್‌ಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ತೆರನಾಗಿದ್ದು, ಔಟ್‌ಪುಟ್ ಎಷ್ಟು ವೇಗವಾಗಿ ಬೇಕಾದರೂ ಬದಲಾಗಬಲ್ಲದಾಗಿದ್ದರೆ ಈ ಸಮತೆ ಪರಿಪೂರ್ಣವಾಗಿರುತ್ತಿತ್ತು. ನಿಜದ ಚಿಪ್ಪಿನಲ್ಲಿ ಮೂರೂ ಇಲ್ಲ. ಆದರೆ ಈ ಮೂರು ಕೊರತೆಗಳು ಒಂದೇ ಜಾಗದಲ್ಲಿ ಕಾಡುವುದಿಲ್ಲ. ಥರ್ಮೋಕಪಲ್ ಸರ್ಕ್ಯೂಟನ್ನು ಕೆಡಿಸಿದ್ದು ಒಂದು. ಅದೇ ಚಿಪ್ಪನ್ನು ಮೈಕ್ರೊಫೋನಿಗೆ ಹಾಕಿದರೆ ಕೆಡಿಸುವುದು ಇನ್ನೊಂದು.

ಥರ್ಮೋಕಪಲ್‌ನ ಅಪರಾಧಿ ಆಫ್‌ಸೆಟ್ ವೋಲ್ಟೇಜ್. ಎರಡೂ ತಟ್ಟೆ ಖಾಲಿ ಇದ್ದಾಗಲೂ ಒಂದು ಬದಿಗೆ ವಾಲುವ ತಕ್ಕಡಿಯಂತೆ, ಎರಡು ಇನ್‌ಪುಟ್‌ಗಳನ್ನೂ ಒಂದಕ್ಕೊಂದು ಜೋಡಿಸಿದಾಗಲೂ ಚಿಪ್ಪಿಗೆ ಅವುಗಳ ನಡುವೆ ವ್ಯತ್ಯಾಸವಿದೆ ಎಂದೇ ಅನ್ನಿಸುತ್ತದೆ. ಕಾರಣ ಒಳಗಿನ ಟ್ರಾನ್ಸಿಸ್ಟರ್‌ಗಳಲ್ಲಿದೆ. ಇನ್‌ಪುಟ್‌ನ ಜೋಡಿ ಟ್ರಾನ್ಸಿಸ್ಟರ್‌ಗಳು ಒಂದೇ ಅಳತೆಯಲ್ಲಿರಬೇಕು. ಸಿಲಿಕಾನ್ ಮೇಲೆ ಅವನ್ನು ಮೂಡಿಸುವಾಗ ಅಳತೆ ಒಂದಿಷ್ಟು ಹೆಚ್ಚು ಕಡಿಮೆಯಾಗುತ್ತದೆ. ಜೋಡಿಯ ಎರಡರ ನಡುವೆ ಶೇಕಡಾ 8ರಷ್ಟು ವ್ಯತ್ಯಾಸ ಬಂದರೆ ಸಾಕು, 2 ಮಿಲಿವೋಲ್ಟ್ ಆಫ್‌ಸೆಟ್ ಹುಟ್ಟುತ್ತದೆ. ಅಳತೆಯಲ್ಲಿ ಸಮವಿದ್ದೂ ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ ಅಷ್ಟೇ ಆಫ್‌ಸೆಟ್ ಬರುತ್ತದೆ. ಇದನ್ನು ತಿಳಿದರೆ ಚಿಪ್ಪುಗಳಲ್ಲಿ ಆಫ್‌ಸೆಟ್ ಇರುವುದಕ್ಕಿಂತ ಅದು ಇಷ್ಟು ಕಡಿಮೆ ಇರುವುದೇ ಹೆಚ್ಚು ಅಚ್ಚರಿ ಹುಟ್ಟಿಸುತ್ತದೆ.

ಸಾಮಾನ್ಯ ದರ್ಜೆಯ 741ರಲ್ಲಿ ಆಫ್‌ಸೆಟ್ ಸುಮಾರು 2 ಮಿಲಿವೋಲ್ಟ್. ಅದು ಪ್ಲಸ್ ಕೂಡ ಆಗಬಹುದು, ಮೈನಸ್ ಕೂಡ. ಚಿಪ್ಪು ಈ 2 ಮಿಲಿವೋಲ್ಟನ್ನು ಸಿಗ್ನಲ್‌ನಿಂದ ಬೇರೆ ಮಾಡಿ ನೋಡಲಾರದು. 4.096ರ ಜೊತೆ ಸೇರಿಸಿ 6.096 ಮಾಡಿ, ಅದನ್ನೇ 101ರಿಂದ ಗುಣಿಸುತ್ತದೆ. ಹೀಗೆ 0.616 ಬಂತು. ಬರೀ 2 ಮಿಲಿವೋಲ್ಟ್ ಎಂದು ಕಡೆಗಣಿಸಬಹುದಾದ ಸಂಖ್ಯೆ ಥರ್ಮೋಕಪಲ್‌ನ ಭಾಷೆಯಲ್ಲಿ 49 ಡಿಗ್ರಿ.

ಪತ್ತೆ ಹಚ್ಚುವುದು ಸುಲಭ. ಥರ್ಮೋಕಪಲ್ ತೆಗೆದು ಅದರ ಜಾಗದಲ್ಲಿ ಒಂದು ಗಿಡ್ಡ ತಂತಿ ಹಾಕಿ ಇನ್‌ಪುಟ್ಟನ್ನು ನೆಲಕ್ಕೆ, ಅಂದರೆ ಗ್ರೌಂಡ್‌ಗೆ, ಜೋಡಿಸಬೇಕು. ಕಾಗದದ ಲೆಕ್ಕದ ಪ್ರಕಾರ ಔಟ್‌ಪುಟ್ ಸೊನ್ನೆ. ಮೀಟರ್ 0.202 ವೋಲ್ಟ್ ತೋರಿಸಿದರೆ ಅದನ್ನು 101ರಿಂದ ಭಾಗಿಸಿದಾಗ ಬರುವ 2 ಮಿಲಿವೋಲ್ಟೇ ಆ ಚಿಪ್ಪಿನ ಆಫ್‌ಸೆಟ್. (ಇನ್‌ಪುಟ್‌ಗಳು ಹೀರುವ ಸಣ್ಣ ಕರೆಂಟಿನ ಪಾಲೂ ಇದರಲ್ಲಿ ಸೇರಿರುತ್ತದೆ. 1 ಕಿಲೋಓಮ್ ಮಟ್ಟದ ರೆಸಿಸ್ಟರ್‌ಗಳಿರುವಾಗ ಅದು ಒಂದು ಮಿಲಿವೋಲ್ಟಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ.) ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಸಿಗ್ನಲ್ಲನ್ನು ತಿರುಗುಮುರುಗು ಮಾಡುವ ಇನ್ವರ್ಟಿಂಗ್ ಸರ್ಕ್ಯೂಟಿನಲ್ಲಿ ಗೇನ್ 1 ಇದ್ದರೆ ಆಫ್‌ಸೆಟ್ ಕೂಡ ಒಂದು ಪಟ್ಟೇ ಬರಬೇಕಲ್ಲ ಎನ್ನಿಸುತ್ತದೆ. ಬರುವುದು ಎರಡು ಪಟ್ಟು. ಆಫ್‌ಸೆಟ್ ಕುಳಿತಿರುವುದು ಚಿಪ್ಪಿನ ಇನ್‌ಪುಟ್‌ನಲ್ಲಿಯೇ ಆದ್ದರಿಂದ ಸಿಗ್ನಲ್ ಯಾವ ಬದಿಯಿಂದ ಬಂದರೂ ಅದು ಹಿಗ್ಗುವುದು ಒಂದಕ್ಕೆ ರೆಸಿಸ್ಟರ್‌ಗಳ ಅನುಪಾತ ಕೂಡಿಸಿದಷ್ಟು.

741ರಲ್ಲಿ ಇದಕ್ಕೊಂದು ಮದ್ದನ್ನೂ ಇಟ್ಟಿದ್ದಾರೆ. ಚಿಪ್ಪಿನ 1 ಮತ್ತು 5ನೇ ಪಿನ್‌ಗಳ ನಡುವೆ 10 ಕಿಲೋಓಮ್ ಪ್ರಿಸೆಟ್ ಹಾಕಿ, ಅದರ ನಡುಕಾಲನ್ನು ಮೈನಸ್ ಸಪ್ಲೈಗೆ ಕೊಟ್ಟು, ಇನ್‌ಪುಟ್ ಸೊನ್ನೆಯಿದ್ದಾಗ ಔಟ್‌ಪುಟ್ ಸೊನ್ನೆಯಾಗುವಂತೆ ಸ್ಕ್ರೂ ತಿರುಗಿಸಬೇಕು. ಆ ಕ್ಷಣಕ್ಕೆ ಎಲ್ಲವೂ ಸರಿಯಾಗುತ್ತದೆ. ಆದರೆ ಆಫ್‌ಸೆಟ್ ತಾಪಮಾನದೊಂದಿಗೆ ಸರಿಯುತ್ತಲೇ ಇರುತ್ತದೆ. ಒಂದು ಡಿಗ್ರಿಗೆ 10 ಮೈಕ್ರೋವೋಲ್ಟ್ ಸರಿಯಿತು ಎಂದು ಹಿಡಿದರೂ, ಬೆಳಿಗ್ಗೆ ಸರಿಮಾಡಿಟ್ಟ ಸರ್ಕ್ಯೂಟ್ ಮಧ್ಯಾಹ್ನ ಪೆಟ್ಟಿಗೆಯೊಳಗೆ 10 ಡಿಗ್ರಿ ಬಿಸಿಯಾದಾಗ 100 ಮೈಕ್ರೋವೋಲ್ಟ್ ತಪ್ಪು ತೋರಿಸುತ್ತದೆ. ಅದು ಮತ್ತೆ ಎರಡೂವರೆ ಡಿಗ್ರಿ. ಮಂಗಳೂರು ಮತ್ತು ಬೆಂಗಳೂರಿನ ಕುದಿಬಿಂದುಗಳ ವ್ಯತ್ಯಾಸವನ್ನು ನುಂಗಿಹಾಕಲು ಹೆಚ್ಚುಕಡಿಮೆ ಅಷ್ಟು ಸಾಕು.

ಹಾಗಾಗಿ ಈ ಕೆಲಸಕ್ಕೆ ಪ್ರಿಸೆಟ್‌ಗಿಂತ ಬೇರೆ ಚಿಪ್ಪೇ ಉತ್ತಮ. ಓಪಿ-07 ಎಂಬ ಚಿಪ್ಪಿನ ಆಫ್‌ಸೆಟ್ಟನ್ನು ಕಾರ್ಖಾನೆಯಲ್ಲಿಯೇ, ಅದು ಇನ್ನೂ ಸಿಲಿಕಾನ್ ಬಿಲ್ಲೆಯ ಮೇಲಿರುವಾಗಲೇ, ಒಂದೊಂದಾಗಿ ಅಳೆದು ತಿದ್ದಿರುತ್ತಾರೆ. ಅದರ ಒಳ್ಳೆಯ ದರ್ಜೆಯಲ್ಲಿ ಆಫ್‌ಸೆಟ್ 75 ಮೈಕ್ರೋವೋಲ್ಟ್ ಮೀರುವುದಿಲ್ಲ. ಅಂದರೆ ಹೆಚ್ಚೆಂದರೆ 1.8 ಡಿಗ್ರಿ ತಪ್ಪು. ಇನ್ನೂ ಮುಂದೆ ಹೋದರೆ, ತನ್ನ ಆಫ್‌ಸೆಟ್ಟನ್ನು ತಾನೇ ಪದೇಪದೇ ಅಳೆದು ಕಳೆದುಕೊಳ್ಳುವ ಚಾಪರ್ ಮಾದರಿಯ ಚಿಪ್ಪುಗಳಿವೆ. ಅವುಗಳಲ್ಲಿ ಆಫ್‌ಸೆಟ್ ಕೆಲವೇ ಮೈಕ್ರೋವೋಲ್ಟ್.

ಇಷ್ಟೆಲ್ಲ ಆದಾಗ ಗೇನ್ ಅನಂತವಲ್ಲ ಎಂಬ ಕೊರತೆ ಎಲ್ಲಿತ್ತು? ಇತ್ತು, ಆದರೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿತ್ತು. 741ರ ಸ್ವಂತ ಗೇನ್ ಸುಮಾರು 2 ಲಕ್ಷ. ಔಟ್‌ಪುಟ್‌ನಲ್ಲಿ 0.414 ವೋಲ್ಟ್ ನಿಲ್ಲಿಸಲು ಇನ್‌ಪುಟ್‌ಗಳ ನಡುವೆ ಅದರ 2 ಲಕ್ಷದ ಒಂದು ಪಾಲು, ಅಂದರೆ 2 ಮೈಕ್ರೋವೋಲ್ಟ್, ವ್ಯತ್ಯಾಸ ಉಳಿದಿರಲೇಬೇಕು. ತಾಪಮಾನದಲ್ಲಿ ಅದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ. ತಯಾರಕರು ಭರವಸೆ ಕೊಡುವ ಕನಿಷ್ಠ ಗೇನ್ 20,000 ಮಾತ್ರ. ಅಂಥ ಚಿಪ್ಪು ಸಿಕ್ಕರೂ ತಪ್ಪು ಅರ್ಧ ಡಿಗ್ರಿ. ಆಫ್‌ಸೆಟ್‌ನ 49 ಡಿಗ್ರಿಯ ಮುಂದೆ ಇದನ್ನು ಯಾರು ಲೆಕ್ಕಿಸುತ್ತಾರೆ?

ಆದರೆ ಆ 2 ಲಕ್ಷ ಎಂಬ ಸಂಖ್ಯೆ ಸಿಗ್ನಲ್ ನಿಂತಲ್ಲೇ ನಿಂತಿರುವಾಗ ಮಾತ್ರ ನಿಜ. ಇದರ ಹಿಂದಿನ ಕತೆ 1960ರ ದಶಕದ್ದು. ಅಮೆರಿಕದ ಫೇರ್‌ಚೈಲ್ಡ್ ಕಂಪನಿಯಲ್ಲಿ ಬಾಬ್ ವಿಡ್ಲಾರ್ ವಿನ್ಯಾಸ ಮಾಡಿದ 709 ಚಿಪ್ಪು 1965ರಲ್ಲಿ ಬಂತು. ಅದನ್ನು ಬಳಸುವವರು ಹೊರಗಿನಿಂದ ಕೆಪಾಸಿಟರ್ ಮತ್ತು ರೆಸಿಸ್ಟರ್‌ಗಳನ್ನು ಸರಿಯಾಗಿ ಜೋಡಿಸದಿದ್ದರೆ ಸರ್ಕ್ಯೂಟ್ ತಾನೇತಾನಾಗಿ ಕಂಪಿಸತೊಡಗುತ್ತಿತ್ತು. ಫೀಡ್‌ಬ್ಯಾಕ್ ತಡವಾಗಿ ತಲುಪಿದರೆ ತಿದ್ದುವ ಬದಲು ತಪ್ಪನ್ನೇ ಬೆಳೆಸುತ್ತದೆ. ಕಂಪನಕ್ಕೆ ಕಾರಣ ಅದು. ಅದೇ ಕಂಪನಿಯ ಡೇವ್ ಫುಲ್ಲಗರ್ 1968ರ 741ರಲ್ಲಿ 30 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಒಂದನ್ನು ಚಿಪ್ಪಿನ ಒಳಗೇ ಕೂರಿಸಿದರು. ಸಿಗ್ನಲ್ ವೇಗವಾದಷ್ಟೂ ಗೇನನ್ನು ಬೇಕೆಂದೇ ಇಳಿಸುವುದು ಅದರ ಕೆಲಸ. ಕಂಪನ ಹುಟ್ಟಬಹುದಾದ ಫ್ರೀಕ್ವೆನ್ಸಿಗೆ ಬರುವ ಹೊತ್ತಿಗೆ ಹಿಗ್ಗಿಸಲು ಗೇನೇ ಉಳಿದಿರುವುದಿಲ್ಲ. ಹೊರಗಿನ ಬಿಡಿಭಾಗಗಳ ತಾಪತ್ರಯ ತಪ್ಪಿತು, 741 ಮನೆಮಾತಾಯಿತು. ಕೈಲೆಕ್ಕದ ಉಳಿದ ಎರಡು ತಪ್ಪುಗಳಿಗೂ ಮೂಲ ಇದೇ ಕೆಪಾಸಿಟರ್.

ಈ ಇಳಿಕೆ ಶುರುವಾಗುವುದು ಕೇವಲ 5 ಹರ್ಟ್ಜ್‌ನಲ್ಲಿ. ಆಮೇಲೆ ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ ಗೇನ್ ಹತ್ತನೇ ಒಂದು ಭಾಗ. ನಮ್ಮ ಮನೆಯ ಕರೆಂಟಿನ 50 ಹರ್ಟ್ಜ್‌ನಲ್ಲೇ 2 ಲಕ್ಷ ಹೋಗಿ 20 ಸಾವಿರವಾಗಿರುತ್ತದೆ. 1 ಕಿಲೋಹರ್ಟ್ಜ್‌ನಲ್ಲಿ ಒಂದು ಸಾವಿರ, 10 ಕಿಲೋಹರ್ಟ್ಜ್‌ನಲ್ಲಿ ಬರೀ ನೂರು. ಫ್ರೀಕ್ವೆನ್ಸಿಯನ್ನೂ ಗೇನನ್ನೂ ಗುಣಿಸಿದರೆ ಎಲ್ಲಿಯೂ ಸುಮಾರು 10 ಲಕ್ಷವೇ ಬರುತ್ತದೆ. ಅದೇ ವಿದ್ಯಾರ್ಥಿ ತನ್ನ 101 ಗೇನಿನ ಸರ್ಕ್ಯೂಟಿಗೆ ಈಗ ಮೈಕ್ರೊಫೋನ್ ಸಿಕ್ಕಿಸಿ ಸಂಗೀತ ಹಿಗ್ಗಿಸಲು ಹೊರಟರೆ, ತಾಳದ ಕಿಣಿಕಿಣಿ ಇರುವ 10 ಕಿಲೋಹರ್ಟ್ಜ್ ಆಸುಪಾಸಿನಲ್ಲಿ 101ರ ಬದಲು ಸಿಗುವುದು 71. ರೆಸಿಸ್ಟರ್‌ಗಳು 101 ಎಂದು ಹೇಳುತ್ತಿದ್ದರೂ, ಹಂಚಲು ಚಿಪ್ಪಿನ ಬಳಿ ಇರುವುದೇ ನೂರು.

ಇಲ್ಲಿ ಕೈಲೆಕ್ಕ ಮಾಡುವವರನ್ನು ಗಲಿಬಿಲಿಗೊಳಿಸುವ ಸಂಗತಿಯೊಂದು ಇದೆ. ಸೀಮಿತ ಗೇನ್ ತರುವ ತಪ್ಪನ್ನು ಅಂದಾಜು ಮಾಡಲು ಪುಸ್ತಕಗಳು ಸುಲಭ ಸೂತ್ರ ಕೊಡುತ್ತವೆ: ಬೇಕಾದ ಗೇನನ್ನು ಚಿಪ್ಪಿನ ಗೇನಿನಿಂದ ಭಾಗಿಸು. 1 ಕಿಲೋಹರ್ಟ್ಜ್‌ನಲ್ಲಿ 101ನ್ನು 1000ದಿಂದ ಭಾಗಿಸಿದರೆ ಶೇಕಡಾ 10ರಷ್ಟು ತಪ್ಪು ಕಾಣಬೇಕು. ಅಳೆದು ನೋಡಿದರೆ ಔಟ್‌ಪುಟ್ ಕುಗ್ಗಿರುವುದು ಶೇಕಡಾ ಅರ್ಧ ಮಾತ್ರ. ಹಾಗಾದರೆ ಉಳಿದ ತಪ್ಪು ಎಲ್ಲಿ ಹೋಯಿತು? ಆ ಕೆಪಾಸಿಟರ್‌ನಿಂದಾಗಿ ಚಿಪ್ಪಿನ ಗೇನ್ ಕಡಿಮೆಯಾಗುವುದಷ್ಟೇ ಅಲ್ಲ, ಅಲೆಯ ಕಾಲು ಸುತ್ತಿನಷ್ಟು ಹಿಂದೆಯೂ ಬೀಳುತ್ತದೆ. ಹಾಗಾಗಿ ತಪ್ಪು ಎತ್ತರದಲ್ಲಿ ಕಾಣದೆ ವಿಳಂಬವಾಗಿ ಕಾಣುತ್ತದೆ.

```
G = 101 / (1 + j·101/1000)
|G| = 100.5,  phase = −5.8°
```

5.8 ಡಿಗ್ರಿ ಎಂದರೆ 1 ಕಿಲೋಹರ್ಟ್ಜ್ ಅಲೆಯಲ್ಲಿ 16 ಮೈಕ್ರೋಸೆಕೆಂಡ್. ಮಲ್ಟಿಮೀಟರ್ ಹಿಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಎರಡು ಚಾನೆಲ್ಲಿನ ಆಸಿಲೋಸ್ಕೋಪಿನಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ಟನ್ನು ಒಂದರ ಮೇಲೊಂದು ಇಟ್ಟು ನೋಡಿದವನಿಗೆ ಔಟ್‌ಪುಟ್ ತುಸು ಬಲಕ್ಕೆ ಸರಿದಿರುವುದು ಕಾಣುತ್ತದೆ. ಹಾಡು ಕೇಳುವವನಿಗೆ ಈ ವಿಳಂಬದಿಂದ ತೊಂದರೆಯಿಲ್ಲ. ವೋಲ್ಟೇಜ್ ಮತ್ತು ಕರೆಂಟ್‌ಗಳ ನಡುವಿನ ಕೋನ ಅಳೆಯುವ ಪವರ್ ಮೀಟರ್‌ನಂಥ ಉಪಕರಣದಲ್ಲಿ ಇಂಥ ಸರಿತವೇ ದೊಡ್ಡ ತಪ್ಪು.

ಪರಿಹಾರ ಮಾತ್ರ ಅಗ್ಗದ್ದು. 101ರ ಕೆಲಸವನ್ನು ಒಂದೇ ಚಿಪ್ಪಿನ ಮೇಲೆ ಹೊರಿಸದೆ, ತಲಾ 10 ಗೇನಿನ ಎರಡು ಹಂತ ಮಾಡಿದರೆ ಸಾಕು. 10 ಕಿಲೋಹರ್ಟ್ಜ್‌ನಲ್ಲಿ ಒಂದೊಂದು ಹಂತವೂ ಕಳೆದುಕೊಳ್ಳುವುದು ಶೇಕಡಾ ಅರ್ಧ. ಎರಡೂ ಸೇರಿ ಶೇಕಡಾ 1. ಒಂದೇ ಹಂತದಲ್ಲಿ ಸುಮಾರು ಶೇಕಡಾ 30 ಹೋಗುತ್ತಿತ್ತು.

ಇಷ್ಟು ಕಲಿತವನು ಸಹಜವಾಗಿ ಒಂದು ತೀರ್ಮಾನಕ್ಕೆ ಬರುತ್ತಾನೆ: ಗೇನ್ 1 ಇಟ್ಟುಕೊಂಡರೆ 741 ಹತ್ತು ಲಕ್ಷ ಹರ್ಟ್ಜ್‌ವರೆಗೂ ಓಡಬೇಕು. ಔಟ್‌ಪುಟ್ಟನ್ನು ನೇರವಾಗಿ ನೆಗೆಟಿವ್ ಇನ್‌ಪುಟ್‌ಗೆ ಜೋಡಿಸಿದ ಬಫರ್ ಸರ್ಕ್ಯೂಟಿನಲ್ಲಿ 20 ಕಿಲೋಹರ್ಟ್ಜ್ ಅಲೆ ಏನೇನೂ ಅಲ್ಲ. ಪ್ಲಸ್ ಮೈನಸ್ 15 ವೋಲ್ಟ್ ಸಪ್ಲೈ ಕೊಟ್ಟು, ಸಿಗ್ನಲ್ ಜನರೇಟರ್‌ನಿಂದ 1 ವೋಲ್ಟ್ ಎತ್ತರದ ಸೈನ್ ಅಲೆ ಹಾಕಿದರೆ ಅದು ಹಾಗೆಯೇ ಹೊರಬರುತ್ತದೆ. ನಾಬ್ ತಿರುಗಿಸಿ ಅದೇ ಅಲೆಯನ್ನು 10 ವೋಲ್ಟ್‌ಗೆ ಏರಿಸಿದರೆ ಸ್ಕೋಪಿನ ಪರದೆಯ ಮೇಲೆ ದುಂಡಗಿನ ಸೈನ್ ಅಲೆ ಕಾಣೆಯಾಗಿ, ನೇರ ಗೆರೆಗಳ ತ್ರಿಕೋನಗಳು ಮೂಡುತ್ತವೆ. ಎತ್ತರ 10 ವೋಲ್ಟ್ ಅಲ್ಲ, ಸುಮಾರು 6.25. ಫ್ರೀಕ್ವೆನ್ಸಿ ಬದಲಾಗಿಲ್ಲ, ಗೇನ್ ಬದಲಾಗಿಲ್ಲ. ಬದಲಾಗಿದ್ದು ಸಿಗ್ನಲ್‌ನ ಗಾತ್ರ ಮಾತ್ರ.

ಇದು ಸ್ಲ್ಯೂ ರೇಟ್‌ನ ಕೆಲಸ. ಔಟ್‌ಪುಟ್ ಬದಲಾಗಬೇಕಾದರೆ ಒಳಗಿನ ಆ 30 ಪಿಕೋಫ್ಯಾರಡ್ ಕೆಪಾಸಿಟರ್ ಚಾರ್ಜ್ ಆಗಬೇಕು. ಅದಕ್ಕೆ ಬೇಕಾದ ಕರೆಂಟ್ ಬರುವುದು ಇನ್‌ಪುಟ್‌ನ ಜೋಡಿ ಟ್ರಾನ್ಸಿಸ್ಟರ್‌ಗಳಿಂದ. ಆ ಜೋಡಿಗೆ ಮಂಜೂರಾದ ಒಟ್ಟು ಕರೆಂಟೇ 15 ಮೈಕ್ರೋಆಂಪ್ ಆಸುಪಾಸು. ಇನ್‌ಪುಟ್‌ಗಳ ವ್ಯತ್ಯಾಸ ಸಣ್ಣದಿದ್ದಾಗ ಎರಡೂ ಟ್ರಾನ್ಸಿಸ್ಟರ್ ಆ ಕರೆಂಟನ್ನು ಹೆಚ್ಚುಕಡಿಮೆ ಸಮವಾಗಿ ಹಂಚಿಕೊಂಡು, ಬೇಕಾದಷ್ಟನ್ನು ಕೆಪಾಸಿಟರ್‌ಗೆ ಕೊಡುತ್ತವೆ. ವ್ಯತ್ಯಾಸ ದೊಡ್ಡದಾದಾಗ ಇಡೀ ಕರೆಂಟ್ ಒಂದೇ ಬದಿಗೆ ಹರಿಯುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೂ ಕೊಡಲು ಇರುವುದಿಲ್ಲ.

```
SR = I/C = 15 µA / 30 pF = 0.5 V/µs
```

ಅಂದರೆ ಒಂದು ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್. 741ರ ಔಟ್‌ಪುಟ್ ಎಷ್ಟೇ ಅವಸರವಿದ್ದರೂ ಇದಕ್ಕಿಂತ ಬೇಗ ಏರದು, ಬೇಗ ಇಳಿಯದು. 20 ಕಿಲೋಹರ್ಟ್ಜ್‌ನ 10 ವೋಲ್ಟ್ ಸೈನ್ ಅಲೆ ಸೊನ್ನೆಯನ್ನು ದಾಟುವಾಗ ಮೈಕ್ರೋಸೆಕೆಂಡಿಗೆ 1.26 ವೋಲ್ಟ್ ವೇಗ ಕೇಳುತ್ತದೆ. ಚಿಪ್ಪು ಅದರ ಹಿಂದೆ ಒಂದೇ ಇಳಿಜಾರಿನಲ್ಲಿ ಓಡುತ್ತದೆ. ಅರ್ಧ ಸುತ್ತಿನ 25 ಮೈಕ್ರೋಸೆಕೆಂಡಿನಲ್ಲಿ 12.5 ವೋಲ್ಟ್ ಏರುವಷ್ಟರಲ್ಲಿ ಇನ್‌ಪುಟ್ ಕೆಳಗಿಳಿದು ಎದುರಾಗುತ್ತದೆ, ಚಿಪ್ಪೂ ತಿರುಗುತ್ತದೆ. 12.5ರ ಅರ್ಧವೇ ಪರದೆಯ ಮೇಲೆ ಕಂಡ 6.25. ಈ ಹೊತ್ತಿನಲ್ಲೆಲ್ಲ ಎರಡು ಇನ್‌ಪುಟ್‌ಗಳ ನಡುವೆ ಹಲವು ವೋಲ್ಟ್ ವ್ಯತ್ಯಾಸವಿರುತ್ತದೆ; ಅವು ಸಮ ಎಂಬ ನಂಬಿಕೆ ಸಂಪೂರ್ಣ ಮುರಿದುಬಿದ್ದಿರುತ್ತದೆ. ಫೀಡ್‌ಬ್ಯಾಕ್ ತಪ್ಪನ್ನು ಕಾಣುತ್ತದೆ, ತಿದ್ದಲಾರದು.

ಅಲೆ ಸೊರಗಿದ್ದು ಗೇನಿನ ಕೊರತೆಯಿಂದಲೋ ಸ್ಲ್ಯೂ ರೇಟ್‌ನಿಂದಲೋ ಎಂದು ತಿಳಿಯಲು ಇನ್‌ಪುಟ್‌ನ ಗಾತ್ರವನ್ನು ಇಳಿಸಿ ನೋಡಬೇಕು. ಗೇನಿನ ಕೊರತೆಯಾದರೆ ಆಕಾರ ಹಾಗೆಯೇ ಉಳಿದು ಎತ್ತರವಷ್ಟೇ ಅನುಪಾತದಲ್ಲಿ ಕುಗ್ಗುತ್ತದೆ. ಸ್ಲ್ಯೂ ಆದರೆ ಇಳಿಜಾರು ಮೊದಲು ಅಲ್ಲಾಡದೆ ನಿಂತು, ಒಂದು ಹಂತ ದಾಟಿದ ಕೂಡಲೇ ಅಲೆ ಮತ್ತೆ ದುಂಡಗಾಗುತ್ತದೆ. 741ಕ್ಕೆ 20 ಕಿಲೋಹರ್ಟ್ಜ್‌ನಲ್ಲಿ ಆ ಹಂತ ಸುಮಾರು 4 ವೋಲ್ಟ್. 10 ವೋಲ್ಟ್ ಪೂರ್ತಿ ಬೇಕೇಬೇಕು ಎಂದರೆ ಫ್ರೀಕ್ವೆನ್ಸಿ 8 ಕಿಲೋಹರ್ಟ್ಜ್‌ಗಿಂತ ಕೆಳಗಿರಬೇಕು. ಬಫರ್‌ಗೆ ಸಿಗುತ್ತದೆ ಎಂದುಕೊಂಡಿದ್ದ ಹತ್ತು ಲಕ್ಷ ಹರ್ಟ್ಜ್‌ನಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ.

ವೇಗ ಬೇಕಾದವರು ಟಿಎಲ್-081 ಬಳಸುತ್ತಾರೆ. ಅದರ ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 13 ವೋಲ್ಟ್, 741ರ 26 ಪಟ್ಟು. ಪಿನ್‌ಗಳ ಜೋಡಣೆಯೂ ಒಂದೇ ಆದ್ದರಿಂದ ಬ್ರೆಡ್‌ಬೋರ್ಡಿನಿಂದ ಒಂದನ್ನು ಕಿತ್ತು ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸಬಹುದು. ಆದರೆ ಅದರ ಹಳೆಯ ಸಾಮಾನ್ಯ ದರ್ಜೆಯಲ್ಲಿ ಆಫ್‌ಸೆಟ್ 3 ಮಿಲಿವೋಲ್ಟ್, 741ಕ್ಕಿಂತಲೂ ಹೆಚ್ಚು. ಥರ್ಮೋಕಪಲ್‌ಗೆ ಒಗ್ಗಿದ ಓಪಿ-07ರ ಸ್ಲ್ಯೂ ರೇಟ್ 0.3, ಅಂದರೆ 741ಕ್ಕಿಂತಲೂ ನಿಧಾನ. ಕುದಿಯುವ ನೀರು ಮೈಕ್ರೋಸೆಕೆಂಡಿನಲ್ಲಿ ತಾಪ ಬದಲಿಸುವುದಿಲ್ಲವಾದ್ದರಿಂದ ಆ ನಿಧಾನ ಅಲ್ಲಿ ಯಾರಿಗೂ ತೊಡಕಲ್ಲ. ಯಾವ ಚಿಪ್ಪು ಉತ್ತಮ ಎಂದು ಕೇಳುವ ಮೊದಲು ಸಿಗ್ನಲ್ ಎಷ್ಟು ಸಣ್ಣದು, ಎಷ್ಟು ವೇಗದ್ದು, ಔಟ್‌ಪುಟ್ ಎಷ್ಟು ದೊಡ್ಡದಾಗಬೇಕು ಎಂದು ಕೇಳಿಕೊಳ್ಳುವುದು ಇದಕ್ಕೇ.

ಕಂಪ್ಯೂಟರ್ ಸಿಮ್ಯುಲೇಟರ್ ಕೂಡ ಇಲ್ಲಿ ತಾನಾಗಿ ಎಚ್ಚರಿಸುವುದಿಲ್ಲ. ಅದರಲ್ಲಿ ಆದರ್ಶ ಆಪ್-ಆಂಪ್‌ನ ಮಾದರಿ ಹಾಕಿದರೆ ಕೈಲೆಕ್ಕದ 0.414 ಉತ್ತರವನ್ನೇ ಇನ್ನಷ್ಟು ದಶಮಾಂಶಗಳೊಂದಿಗೆ ಒಪ್ಪಿಸುತ್ತದೆ. ತಯಾರಕರು ಕೊಡುವ ಮಾದರಿ ಹಾಕಿದರೆ ಗೇನಿನ ಇಳಿಕೆ, ಸ್ಲ್ಯೂ ರೇಟ್ ಎರಡೂ ಸಾಮಾನ್ಯವಾಗಿ ಸಿಗುತ್ತವೆ. ಆದರೆ ಆಫ್‌ಸೆಟ್ ಚಿಪ್ಪಿನಿಂದ ಚಿಪ್ಪಿಗೆ ಬೇರೆಯಾದ್ದರಿಂದ, ಡಬ್ಬಿಯಿಂದ ಕೈಗೆ ಬಂದ ಈ ಚಿಪ್ಪಿನದು ಎಷ್ಟು ಎಂಬುದನ್ನು ಯಾವ ಮಾದರಿಯೂ ಹೇಳಲಾರದು.

ಹಾಗಾಗಿ ಡೇಟಾಶೀಟನ್ನೇ ತೆರೆಯಬೇಕು. ತೆರೆದಾಗ 'ಸಾಮಾನ್ಯವಾಗಿ ಇಷ್ಟು' ಎಂಬ ಕಾಲಂ ಬಿಟ್ಟು ಗರಿಷ್ಠ ಮತ್ತು ಕನಿಷ್ಠದ ಕಾಲಂಗಳನ್ನು ನೋಡಬೇಕು. ಸಾಮಾನ್ಯ ದರ್ಜೆಯ 741ರಲ್ಲಿ ಆಫ್‌ಸೆಟ್‌ನ ಗರಿಷ್ಠ 6 ಮಿಲಿವೋಲ್ಟ್. ನಮ್ಮ ಥರ್ಮೋಕಪಲ್‌ನಲ್ಲಿ ಅದು 146 ಡಿಗ್ರಿ. ಅದೇ ದರ್ಜೆಯ ಸ್ಲ್ಯೂ ರೇಟ್ ಸಾಲಿನಲ್ಲಿ 0.5 ಎಂಬ ಸಾಮಾನ್ಯ ಸಂಖ್ಯೆಯಿದೆ, ಕನಿಷ್ಠದ ಕಾಲಂ ಖಾಲಿ ಇದೆ. ಖಾಲಿ ಎಂದರೆ ತಯಾರಕರು ಯಾವ ಭರವಸೆಯನ್ನೂ ಕೊಟ್ಟಿಲ್ಲ ಎಂದರ್ಥ. 0.5ರ ಅಂಚಿನಲ್ಲಿ ಸರ್ಕ್ಯೂಟ್ ಕಟ್ಟುವವರು ತಮ್ಮ ಕೈಯಲ್ಲಿರುವ ಚಿಪ್ಪಿಗೆ ಒಂದು ಚೌಕ ಅಲೆ ಹಾಕಿ, ಔಟ್‌ಪುಟ್‌ನ ಇಳಿಜಾರನ್ನು ಸ್ಕೋಪಿನಲ್ಲಿ ತಾವೇ ಅಳೆದುಕೊಳ್ಳಬೇಕು.